ಯಾವ ಜೋಡಿ ಬೇರೆಯಾಗುತ್ತದೆ? ಮೈಟಾಸಿಸ್, ಮಿಯೋಸಿಸ್ ಮತ್ತು ಒಂದು ಈರುಳ್ಳಿ

(ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳಿಗಾಗಿ ಆಡಿದ ಮಾತಿನ ಬರಹ ರೂಪ ಇದು. ಮಾತಿನಲ್ಲಿ ಬಂದ ಪುನರಾವರ್ತನೆಗಳನ್ನು ಸ್ವಲ್ಪ ಕತ್ತರಿಸಿದ್ದೇನೆ. ಬೋರ್ಡಿನ ಮೇಲೆ ಬರೆದ ಪಟ್ಟಿಯನ್ನು ಹಾಗೇ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಬೆಂಚಿನವರಿಗೆ ಕೇಳಿಸುತ್ತಾ ಇದೆಯಾ? ಸರಿ.

ಮೊದಲು ಒಂದು ಉತ್ತರ ಓದುತ್ತೇನೆ. ಕಳೆದ ವರ್ಷ ನಾನು ತಿದ್ದಿದ ಕಿರುಪರೀಕ್ಷೆಯದು, ಒಬ್ಬ ಹುಡುಗಿ ಬರೆದದ್ದು. ಪಾಠ, ಕೋಶ ಒಡೆಯುವ ಎರಡು ಬಗೆ. ಪ್ರಶ್ನೆ: ಮೈಟಾಸಿಸ್‌ಗೂ ಮಿಯೋಸಿಸ್‌ಗೂ ಅನಾಫೇಸ್‌ನಲ್ಲಿ ಏನು ವ್ಯತ್ಯಾಸ? ಉತ್ತರ: "ಮೈಟಾಸಿಸ್‌ನಲ್ಲಿ ಜೋಡಿ ಬೇರೆಯಾಗುತ್ತದೆ. ಮಿಯೋಸಿಸ್‌ನಲ್ಲಿಯೂ ಜೋಡಿ ಬೇರೆಯಾಗುತ್ತದೆ, ಆದರೆ ಎರಡು ಸಲ."

ನಕ್ಕಿರಿ. ನಾನೂ ನಕ್ಕೆ. ಆಮೇಲೆ ಪೆನ್ನು ಹಿಡಿದು ಕೂತಾಗ ಎಷ್ಟು ಅಂಕ ಕೊಡಬೇಕು ಅಂತ ಗೊತ್ತಾಗಲಿಲ್ಲ. ಯಾಕೆಂದರೆ ಅವಳು ಬರೆದದ್ದು ತಪ್ಪಲ್ಲ. 'ಜೋಡಿ' ಅನ್ನುವ ಪದ ಮಾತ್ರ ಅವಳಿಗೆ ಮೋಸ ಮಾಡಿದೆ. ಈ ಪಾಠದಲ್ಲಿ ಎರಡು ಬಗೆಯ ಜೋಡಿಗಳಿವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ: ಒಂದು ಹೋಮೋಲೋಗಸ್ ಕ್ರೋಮೋಸೋಮ್, ಇನ್ನೊಂದು ಸಿಸ್ಟರ್ ಕ್ರೊಮ್ಯಾಟಿಡ್. ನಾವು ಕನ್ನಡದಲ್ಲಿ ಯೋಚಿಸುವಾಗ ಎರಡನ್ನೂ ಜೋಡಿ ಅಂದುಬಿಡುತ್ತೇವೆ. ಪಾಠ ಗಂಟು ಬೀಳುವುದು ಅಲ್ಲೇ. ಇವತ್ತು ಆ ಗಂಟನ್ನು ಬಿಡಿಸಿದರೆ ಸಾಕು. ಹಂತಗಳ ಹೆಸರು ನೀವೇ ಬಾಯಿಪಾಠ ಮಾಡಿಕೊಳ್ಳುತ್ತೀರಿ, ಅದಕ್ಕೆ ನಾನು ಬೇಕಾಗಿಲ್ಲ.

ಎರಡು ಬಣ್ಣದ ದಾರ, ಎರಡು ಟಿಚ್ ಬಟನ್

ಮೇಜಿನ ಮೇಲೆ ನೋಡಿ. ಕೆಂಪು ಉಣ್ಣೆ ದಾರದ ಒಂದು ತುಂಡು, ಹಳದಿ ದಾರದ ಒಂದು ತುಂಡು. ಎರಡೂ ಒಂದು ಗೇಣು. ಎರಡರ ನಡುವೆಯೂ ಟಿಚ್ ಬಟನ್ನಿನ ಒಂದು ಅರ್ಧ ಹೊಲಿದಿದ್ದೇನೆ. ಕೆಂಪು ಅಮ್ಮನಿಂದ ಬಂದ ವರ್ಣತಂತು, ಹಳದಿ ಅಪ್ಪನಿಂದ ಬಂದದ್ದು. ಉದ್ದ ಒಂದೇ. ಯಾವ ಗುಣದ ಮಾಹಿತಿ ಎಲ್ಲಿ ಕೂತಿದೆ ಅನ್ನುವ ಕ್ರಮವೂ ಒಂದೇ. ಆದರೆ ಅಲ್ಲಿ ಬರೆದಿರುವುದು ಅಕ್ಷರಶಃ ಒಂದೇ ಅಲ್ಲ. ಅಮ್ಮನ ಮನೆಯಲ್ಲೂ ಅಪ್ಪನ ಮನೆಯಲ್ಲೂ ಹುಳಿ ಮಾಡುತ್ತಾರೆ. ಬೇಳೆ, ಹುಣಸೆ, ಮೆಣಸಿನಕಾಯಿ ಅದೇ ಕ್ರಮದಲ್ಲಿ ಬೀಳುತ್ತವೆ. ಒಂದು ಮನೆಯಲ್ಲಿ ಬೆಲ್ಲ ಜಾಸ್ತಿ, ಅಷ್ಟೇ. ಈ ಕೆಂಪು–ಹಳದಿ ಜೊತೆಯನ್ನು ಇವತ್ತು ಸಮರೂಪ ವರ್ಣತಂತು ಅನ್ನೋಣ.

ಕೋಶ ಒಡೆಯುವ ಮೊದಲು ತನ್ನ ಡಿಎನ್‌ಎಗೆ ನಕಲು ಮಾಡಿಕೊಳ್ಳುತ್ತದೆ. ಅಂದರೆ ಕೆಂಪು ದಾರಕ್ಕೆ ಇನ್ನೊಂದು ಕೆಂಪು ದಾರ. ತಗೊಳ್ಳಿ, ಬಟನ್ ಟಿಕ್ ಅಂತ ಕೂಡಿಸಿದೆ. ಹಳದಿಗೂ ಹಾಗೇ. ಈಗ ಕೆಂಪು–ಕೆಂಪು ಒಂದು ಜೊತೆ. ಇದು ಒರಿಜಿನಲ್ ಮತ್ತು ಅದರ ಜೆರಾಕ್ಸ್. ಎರಡರಲ್ಲಿ ಇರುವುದೂ ಅದೇ. ಇವನ್ನು ಅವಳಿ ಎಳೆ ಅನ್ನೋಣ. ಇದು ನಾನು ಕೊಟ್ಟ ಹೆಸರು. ನಿಮ್ಮ ಪುಸ್ತಕದಲ್ಲಿ ಬೇರೆ ಪದ ಇರಬಹುದು. ಯಾವ ಪದವಾದರೂ ಪರವಾಗಿಲ್ಲ, ಎರಡು ಜೋಡಿಗೂ ಒಂದೇ ಪದ ಬಳಸಬೇಡಿ.

ಈಗ ಪ್ರಶ್ನೆ. ಮೇಜಿನ ಮೇಲೆ ನಾಲ್ಕು ದಾರ ಇವೆ. ವರ್ಣತಂತು ಎಷ್ಟು?

ನಾಲ್ಕು ಅಂದವರು ಕೈ ಎತ್ತಿ. ಎರಡು ಅಂದವರು? ಹೂಂ, ಅರ್ಧಕ್ಕರ್ಧ.

ಉತ್ತರ ಎರಡು. ವರ್ಣತಂತುವನ್ನು ಎಣಿಸುವುದು ದಾರ ನೋಡಿ ಅಲ್ಲ, ಬಟನ್ ನೋಡಿ. ಆ ಬಟನ್ನಿಗೆ ಪುಸ್ತಕದಲ್ಲಿ ಸೆಂಟ್ರೋಮಿಯರ್ ಅಂತ ಹೆಸರು. ಕೂಡಿಕೊಂಡಿರುವ ಟಿಚ್ ಬಟನ್ ಒಂದು ಅಂತ ಲೆಕ್ಕ. ಬಿಚ್ಚಿಕೊಂಡರೆ ಎರಡು. ನೀವು ಮುಂದೆ ಬಿಡಿಸಬೇಕಾದ ಲೆಕ್ಕಗಳೆಲ್ಲ ಈ ಒಂದು ನಿಯಮದಲ್ಲಿ ಬಿಚ್ಚಿಕೊಳ್ಳುತ್ತವೆ. ಎಳೆ ಎಷ್ಟಾದರೂ ಇರಲಿ, ಬಟನ್ ಎಣಿಸಿ.

ಈಗ ಯಾರಾದರೂ ಇಬ್ಬರು ಬನ್ನಿ. ಬಾಮ್ಮ, ನೀನು ಈ ಕಡೆ ನಿಲ್ಲು. ನೀನಪ್ಪ, ಆ ಕಡೆ. ನೀವಿಬ್ಬರೂ ಕೋಶದ ಎರಡು ತುದಿಗಳು. ಮೊದಲು ಮೈಟಾಸಿಸ್. ಕೆಂಪು ಬಟನ್ನು, ಹಳದಿ ಬಟನ್ನು ಒಂದರ ಕೆಳಗೊಂದು ಸಾಲಾಗಿ ನಿಂತಿವೆ. ಇಬ್ಬರೂ ಪ್ರತಿ ಬಟನ್ನಿನ ಒಂದೊಂದು ಬದಿಯನ್ನು ಹಿಡಿದು ಎಳೆಯಿರಿ. ಟಿಕ್. ಟಿಕ್. ಬಿಚ್ಚಿತು. ನಿನ್ನ ಕೈಯಲ್ಲಿ ಏನಿದೆ? ಒಂದು ಕೆಂಪು, ಒಂದು ಹಳದಿ. ನಿನ್ನ ಕೈಯಲ್ಲಿ? ಅದೇ. ಶುರುವಿನಲ್ಲಿ ಇದ್ದದ್ದೂ ಅದೇ. ಮೈಟಾಸಿಸ್ ಇಷ್ಟೇ. ಬೇರೆಯಾದದ್ದು ಒರಿಜಿನಲ್ ಮತ್ತು ಜೆರಾಕ್ಸ್.

ಮತ್ತೆ ಕೂಡಿಸಿ. ಈಗ ಮಿಯೋಸಿಸ್. ಇಲ್ಲಿ ಕೆಂಪು ಜೊತೆ, ಹಳದಿ ಜೊತೆ ಹತ್ತಿರ ಬಂದು ಅಕ್ಕಪಕ್ಕ ನಿಲ್ಲುತ್ತವೆ. ಈ ಸಲ ನೀನು ಕೆಂಪು ಬಟನ್ ಇಡಿಯಾಗಿ ಹಿಡಿ. ಅವನು ಹಳದಿ ಬಟನ್ ಇಡಿಯಾಗಿ ಹಿಡಿಯಲಿ. ಎಳೆಯಿರಿ. ಟಿಕ್ ಅಂತ ಸದ್ದು ಬಂತಾ? ಬರಲಿಲ್ಲ. ಯಾವ ಬಟನ್ನೂ ಬಿಚ್ಚಲಿಲ್ಲ. ಆದರೂ ಸಂಖ್ಯೆ ಅರ್ಧವಾಯಿತು. ಇವಳ ಕೈಯಲ್ಲಿ ಒಂದೇ ಬಟನ್, ಅವನ ಕೈಯಲ್ಲೂ ಒಂದೇ. ಮಿಯೋಸಿಸ್‌ನಲ್ಲಿ ಸಂಖ್ಯೆ ಅರ್ಧವಾಗುವುದು ಈ ಮೊದಲ ಸುತ್ತಿನಲ್ಲೇ. ಎರಡನೇ ಸುತ್ತಿನಲ್ಲಿ ಅಂತ ಬರೆಯುವವರು ಪ್ರತಿ ವರ್ಷ ಇರುತ್ತಾರೆ.

ಎರಡನೇ ಸುತ್ತಿನಲ್ಲಿ ಇವಳ ಕೈಯಲ್ಲಿರುವ ಕೆಂಪು ಬಟನ್ ಬಿಚ್ಚುತ್ತದೆ, ಅವನ ಹಳದಿಯೂ ಬಿಚ್ಚುತ್ತದೆ. ನಡುವೆ ಮತ್ತೆ ನಕಲು ಮಾಡುವ ಕೆಲಸ ಇಲ್ಲ. ಕೊನೆಗೆ ನಾಲ್ಕು ಪಾಲು, ಪ್ರತಿ ಪಾಲಿನಲ್ಲಿ ಒಂದು ದಾರ. ಈ ಎರಡನೇ ಸುತ್ತು ನೋಡುವುದಕ್ಕೆ ಮೈಟಾಸಿಸ್ ಹಾಗೇ ಇರುತ್ತದೆ. ಶುರುವಿನ ಸಂಖ್ಯೆ ಅರ್ಧ ಅನ್ನುವುದೊಂದು ಬಿಟ್ಟರೆ ಎಳೆಯುವ ರೀತಿ ಅದೇ. ಥ್ಯಾಂಕ್ಸ್ ಇಬ್ಬರಿಗೂ, ಕೂತ್ಕೊಳ್ಳಿ. ದಾರ ಇಲ್ಲೇ ಇರಲಿ, ಆಮೇಲೆ ಬೇಕು.

ಹೆಸರುಗಳ ಬಗ್ಗೆ ಎರಡು ಮಾತು

ಮೈಟಾಸಿಸ್, ಮಿಯೋಸಿಸ್. ಕಿವಿಗೆ ಎರಡೂ ಒಂದೇ ಥರ ಬೀಳುತ್ತವೆ. ಹೆಸರಿಟ್ಟವರು ಒಬ್ಬರೇ ಅಲ್ಲ. ಮೈಟಾಸಿಸ್ ಅನ್ನುವ ಪದ ಕೊಟ್ಟವನು ಜರ್ಮನಿಯ ವಾಲ್ಟರ್ ಫ್ಲೆಮಿಂಗ್. ಸಲಮಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಕಿ, ಅವು ಒಡೆಯುವುದನ್ನು ಹಂತಹಂತವಾಗಿ ನೋಡಿ, 1882ರಲ್ಲಿ ಪುಸ್ತಕ ಬರೆದ. ಮೈಟೋಸ್ ಅಂದರೆ ಗ್ರೀಕಿನಲ್ಲಿ ನೂಲು. ಮಿಯೋಸಿಸ್ ಪದ ಬಂದದ್ದು 1905ರಲ್ಲಿ, ಇಂಗ್ಲೆಂಡಿನ ಫಾರ್ಮರ್ ಮತ್ತು ಮೂರ್ ಅವರಿಂದ. ಅದರ ಅರ್ಥ ಕಡಿಮೆಯಾಗುವುದು. ಅಂದರೆ ಒಂದು ಹೆಸರು ಕಂಡದ್ದನ್ನು ಹೇಳುತ್ತದೆ, ಇನ್ನೊಂದು ಆದದ್ದನ್ನು ಹೇಳುತ್ತದೆ. ಹೋಲಿಸಲು ಅನುಕೂಲವಾದ ಹೆಸರುಗಳೇ ಅಲ್ಲ.

ಈ ವಿಷಯದಲ್ಲಿ ನನಗೆ ಕನ್ನಡವೇ ಮೇಲು ಅನಿಸುತ್ತದೆ. ಸಮವಿಭಜನೆ, ಅರೆವಿಭಜನೆ ಅಂದರೆ ಫಲಿತಾಂಶ ಹೆಸರಿನಲ್ಲೇ ಇದೆ. ಇನ್ನೂ ಒಂದು. ಕ್ರೋಮೋಸೋಮ್ ಅಂದರೆ ಬಣ್ಣದ ಕಾಯ ಅಂತ. 1888ರಲ್ಲಿ ವಾಲ್ಡೆಯರ್ ಇಟ್ಟ ಹೆಸರು, ಬಣ್ಣವನ್ನು ಚೆನ್ನಾಗಿ ಹೀರುತ್ತವೆ ಅಂತ. ನಮ್ಮ 'ವರ್ಣತಂತು'ವಿನಲ್ಲಿ ಅವನ ಬಣ್ಣವೂ ಇದೆ, ಫ್ಲೆಮಿಂಗ್‌ನ ನೂಲೂ ಇದೆ. ಮೈಕ್ರೋಸ್ಕೋಪಿನಲ್ಲಿ ಕಾಣುವುದು ಬಣ್ಣದ ನೂಲೇ ಅಲ್ವಾ?

ಆದರೆ ಪರೀಕ್ಷೆ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಅದಕ್ಕೇ ಪಟ್ಟಿಯನ್ನು ಎರಡು ಭಾಷೆಯಲ್ಲಿ ಹಾಕಿದ್ದೇನೆ. ಮೊದಲ ಕಲಂ ನೀವು ಯೋಚಿಸುವ ಭಾಷೆ, ಎರಡನೆಯದು ನೀವು ಬರೆಯಬೇಕಾದ ಪದ. ಅದರ ಇಂಗ್ಲಿಷ್ ಸ್ಪೆಲ್ಲಿಂಗನ್ನು ನಿಮ್ಮ ಪುಸ್ತಕ ನೋಡಿ ಪಕ್ಕದಲ್ಲಿ ನೀವೇ ಬರೆದುಕೊಳ್ಳಿ. ಕೈಯಲ್ಲಿ ಬರೆದರೆ ನಿಲ್ಲುತ್ತದೆ. ಲೆಕ್ಕಕ್ಕೆ ಈರುಳ್ಳಿಯನ್ನು ತೆಗೆದುಕೊಂಡಿದ್ದೇನೆ. ಅದರಲ್ಲಿ `2n = 16`. ಅಂದರೆ 8 ಬಗೆಯ ವರ್ಣತಂತು, ಪ್ರತಿ ಬಗೆಯದೂ ಎರಡೆರಡು.

| ಕನ್ನಡದಲ್ಲಿ | ಇಂಗ್ಲಿಷ್ ಪುಸ್ತಕದಲ್ಲಿ | ಸಮವಿಭಜನೆ: ಮೈಟಾಸಿಸ್ | ಅರೆವಿಭಜನೆ: ಮಿಯೋಸಿಸ್ |
|---|---|---|---|
| ಒಡೆಯುವ ತಾಯಿಕೋಶ | ಮದರ್ ಸೆಲ್ | ಬೇರಿನ ತುದಿಯ ಕೋಶ, 16 | ಪರಾಗದ ತಾಯಿಕೋಶ, 16 |
| ನಕಲು ಮಾಡುವುದು | ಡಿಎನ್‌ಎ ರೆಪ್ಲಿಕೇಷನ್ | ಒಂದು ಸಲ | ಒಂದೇ ಸಲ |
| ಎಳೆದು ಹಂಚುವುದು | ನ್ಯೂಕ್ಲಿಯರ್ ಡಿವಿಷನ್ | ಒಂದು ಸಲ | ಎರಡು ಸಲ |
| ಸಮರೂಪಗಳು ಜೊತೆಯಾಗುವುದು | ಸಿನಾಪ್ಸಿಸ್ | ಇಲ್ಲ | ಮೊದಲ ಸುತ್ತಿನಲ್ಲಿ. 8 ಜೊತೆ |
| ತುಂಡು ಅದಲುಬದಲು | ಕ್ರಾಸಿಂಗ್ ಓವರ್ | ಸಾಮಾನ್ಯವಾಗಿ ಇಲ್ಲ | ಮೊದಲ ಪ್ರೊಫೇಸ್‌ನಲ್ಲಿ |
| ನಡುವೆ ಸಾಲು ನಿಲ್ಲುವುದು | ಮೆಟಾಫೇಸ್ | 16, ಬಿಡಿಬಿಡಿಯಾಗಿ | 1ನೇ ಸುತ್ತು: 8 ಜೊತೆ, 2ನೇ ಸುತ್ತು: ಪ್ರತಿ ಕೋಶದಲ್ಲಿ 8 ಬಿಡಿ |
| ಬೇರೆಯಾಗುವುದು ಯಾವುದು | ಅನಾಫೇಸ್ | ಅವಳಿ ಎಳೆಗಳು | 1ನೇ ಸುತ್ತು: ಸಮರೂಪಗಳು, 2ನೇ ಸುತ್ತು: ಅವಳಿ ಎಳೆಗಳು |
| ಬಟನ್ ಬಿಚ್ಚುವುದು | ಸೆಂಟ್ರೋಮಿಯರ್ ಸ್ಪ್ಲಿಟ್ | ಅನಾಫೇಸ್‌ನಲ್ಲಿ | 2ನೇ ಅನಾಫೇಸ್‌ನಲ್ಲಿ ಮಾತ್ರ |
| ಮರಿಕೋಶಗಳು | ಡಾಟರ್ ಸೆಲ್ಸ್ | 2. ಪ್ರತಿಯೊಂದರಲ್ಲಿ 16 | 4. ಪ್ರತಿಯೊಂದರಲ್ಲಿ 8 |

ಇಡೀ ಪಟ್ಟಿಯಲ್ಲಿ ನೀವು ದೀಪ ಹಚ್ಚಿ ನೋಡಬೇಕಾದ ಸಾಲು ಒಂದೇ: 'ಬೇರೆಯಾಗುವುದು ಯಾವುದು'. ಉಳಿದ ಸಾಲುಗಳನ್ನು ಅದರಿಂದಲೇ ಹೊರಡಿಸಬಹುದು. ಸಮರೂಪಗಳು ಬೇರೆಯಾಗಬೇಕಾದರೆ ಮೊದಲು ಜೊತೆಯಾಗಬೇಕು. ಜೊತೆಯಾಗಿದ್ದರೆ ಸಾಲಿನಲ್ಲಿ 16ರ ಬದಲು 8 ಜೊತೆ ಕಾಣಬೇಕು. ಬಟನ್ ಬಿಚ್ಚದೆ ಸಂಖ್ಯೆ ಇಳಿಯಬೇಕು. ಬಾಯಿಪಾಠ ಬೇಕಾಗಿಲ್ಲ.

ಒಂದು ಲೆಕ್ಕ ಮಾಡೋಣ. ಬೇರಿನ ಕೋಶ, ಮೈಟಾಸಿಸ್‌ನ ಅನಾಫೇಸ್. ವರ್ಣತಂತು ಎಷ್ಟು? ಬಟನ್ ಬಿಚ್ಚಿದೆ, ಕೋಶ ಇನ್ನೂ ಎರಡಾಗಿಲ್ಲ. ಹಾಗಾದರೆ 32. ಹೌದು, ಆ ಕ್ಷಣದಲ್ಲಿ ಒಂದೇ ಕೋಶದಲ್ಲಿ 32. ಮಿಯೋಸಿಸ್‌ನ ಮೊದಲ ಅನಾಫೇಸ್‌ನಲ್ಲಿ? ಬಟನ್ ಬಿಚ್ಚಿಲ್ಲ, ಹಾಗಾಗಿ 16. ಒಂದು ತುದಿಗೆ 8, ಇನ್ನೊಂದು ತುದಿಗೆ 8. ಆದರೆ ಆ ಎಂಟರಲ್ಲಿ ಪ್ರತಿಯೊಂದಕ್ಕೂ ಎರಡು ಎಳೆ ಇದೆ. ಆದ್ದರಿಂದ ಡಿಎನ್‌ಎ ಲೆಕ್ಕ ಬೇರೆ, ವರ್ಣತಂತು ಲೆಕ್ಕ ಬೇರೆ. ಪರಾಗದ ತಾಯಿಕೋಶದಲ್ಲಿ ನಕಲಾದ ಮೇಲೆ ಡಿಎನ್‌ಎ ನಾಲ್ಕು ಪಾಲು ಅಂತ ಇಟ್ಟುಕೊಂಡರೆ, ಮೊದಲ ಸುತ್ತಿನ ನಂತರ ಕೋಶಕ್ಕೆ ಎರಡು ಪಾಲು, ಎರಡನೇ ಸುತ್ತಿನ ನಂತರ ಒಂದು ಪಾಲು. ವರ್ಣತಂತು ಮಾತ್ರ 16, 8, 8. ಎರಡನೇ ಸುತ್ತಿನಲ್ಲಿ ಸಂಖ್ಯೆ ಇಳಿಯುವುದಿಲ್ಲ, ಎಳೆ ಇಳಿಯುತ್ತದೆ.

ಒಂದೇ ಗಿಡದಲ್ಲಿ ಎರಡೂ

ಈರುಳ್ಳಿಯನ್ನೇ ಯಾಕೆ ಹಿಡಿದೆ? ಅದರ ವರ್ಣತಂತುಗಳು ದಪ್ಪ. ಈರುಳ್ಳಿಯ ಒಂದು ಕೋಶದಲ್ಲಿ ನಮ್ಮ ಕೋಶಕ್ಕಿಂತ ಸುಮಾರು ಐದು ಪಟ್ಟು ಡಿಎನ್‌ಎ ಇದೆ. ಅಷ್ಟೂ ಬರೀ 16 ವರ್ಣತಂತುಗಳಲ್ಲಿ ತುಂಬಿದೆ. ಹಾಗಾಗಿ ಕಾಲೇಜಿನ ಸಾಧಾರಣ ಮೈಕ್ರೋಸ್ಕೋಪಿನಲ್ಲೂ ಕಾಣುತ್ತವೆ. (ಇಷ್ಟು ಡಿಎನ್‌ಎ ಇಟ್ಟುಕೊಂಡು ಅದು ಮಾಡುವ ಕೆಲಸ ಕಣ್ಣಲ್ಲಿ ನೀರು ತರಿಸುವುದು. ಡಿಎನ್‌ಎ ಜಾಸ್ತಿ ಅಂದರೆ ಬುದ್ಧಿ ಜಾಸ್ತಿ ಅಂತಲ್ಲ.)

ಬೇರಿನ ತುದಿ ನಿಮಗೆ ಗೊತ್ತಿರುವ ಪ್ರಯೋಗ. ಗೆಡ್ಡೆಯ ಒಣ ಬೇರು ಹೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿ. ಮೂರು ನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ಬೆಳಿಗ್ಗೆ ತುದಿಗಳನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್‌ಗೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರವದಲ್ಲಿ ಒಂದು ದಿನ ಇಡುತ್ತೇವೆ. ಆಗ ಕೋಶಗಳು ಯಾವ ಹಂತದಲ್ಲಿದ್ದವೋ ಅದೇ ಹಂತದಲ್ಲಿ ನಿಂತುಬಿಡುತ್ತವೆ. ಆಮೇಲೆ ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಕೋಶಗಳ ನಡುವಿನ ಅಂಟು ಸಡಿಲಿಸಬೇಕು. ನಂತರ ಅಸಿಟೋಕಾರ್ಮಿನ್ ಬಣ್ಣ. ಕೊನೆಗೆ ಕವರ್‌ಸ್ಲಿಪ್ ಇಟ್ಟು, ಬ್ಲಾಟಿಂಗ್ ಪೇಪರ್ ಮಡಿಸಿ, ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಪಕ್ಕಕ್ಕೆ ಜಾರಿಸಿದರೆ ಕೋಶಗಳು ಶಾವಿಗೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತವೆ.

ನಾನು ಓದುವಾಗ ಮಾಡಿದ ಮೊದಲ ಸ್ಲೈಡಿನಲ್ಲಿ ವಿಭಜನೆಯೇ ಇರಲಿಲ್ಲ. ಉದ್ದುದ್ದ ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ನಡುವೆ ಒಂದೊಂದು ಕೆಂಪು ಚುಕ್ಕೆ. ಅರ್ಧ ಗಂಟೆ ಹುಡುಕಿದೆ. ಬಣ್ಣ ಸರಿಯಿಲ್ಲ, ಮೈಕ್ರೋಸ್ಕೋಪು ಸರಿಯಿಲ್ಲ ಅಂತೆಲ್ಲ ಬೈದೆ. ಲ್ಯಾಬಿನ ಅಟೆಂಡರ್ ಬಂದು ಇಣುಕಿ ನೋಡಿ, "ಏನಮ್ಮ, ಯಾವ ಕಡೆ ತುಂಡು ಇಟ್ಟಿದ್ದೀಯ?" ಅಂದರು. ಕತ್ತರಿಸಿದ ಬೇರನ್ನು ತಲೆಕೆಳಗು ಮಾಡಿಕೊಂಡು, ತುದಿ ಬಿಸಾಡಿ, ಮೇಲಿನ ಭಾಗಕ್ಕೆ ಬಣ್ಣ ಹಾಕಿದ್ದೆ. ಕೊನೆಯ ಎರಡು ಮಿಲಿಮೀಟರ್ ದಾಟಿದರೆ ಕೋಶಗಳು ಒಡೆಯುವುದನ್ನು ಬಿಟ್ಟು ಉದ್ದವಾಗುವುದಕ್ಕೆ ಶುರುಮಾಡುತ್ತವೆ. ಈಗಲೂ ಗುರುತು ಇಷ್ಟೇ: ಕೋಶ ಚೌಕಾಕಾರ, ನಡುವಿನ ಕೋಶಕೇಂದ್ರ ದೊಡ್ಡದು ಅಂದರೆ ಸರಿಯಾದ ಜಾಗ. ಉದ್ದುದ್ದ ಕಂಡರೆ ಇನ್ನೊಂದು ಬೇರು ತೆಗೆದುಕೊಳ್ಳಿ.

ಇನ್ನು ಮಿಯೋಸಿಸ್. ಇದು ಬೇರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಈರುಳ್ಳಿಯನ್ನು ಬೀಜಕ್ಕೆ ಬಿಟ್ಟಿರುವ ಹೊಲಕ್ಕೆ ಹೋಗಬೇಕು. ಅಲ್ಲಿ ಟೊಳ್ಳು ದಂಟಿನ ತುದಿಯಲ್ಲಿ ಬಿಳಿ ಚೆಂಡಿನಂಥ ಹೂಗೊಂಚಲು ಇರುತ್ತದೆ. ಹೊಸಬರು ಮಾಡುವ ತಪ್ಪು ಅರಳಿದ ಹೂವನ್ನು ಕೀಳುವುದು. ಹೂವು ಅರಳುವ ಹೊತ್ತಿಗೆ ಮಿಯೋಸಿಸ್ ಮುಗಿದು, ಪರಾಗ ತಯಾರಾಗಿ ಕೂತಿರುತ್ತದೆ. ನಮಗೆ ಬೇಕಾದದ್ದು ಎಳೆಯ ಮೊಗ್ಗು. ಅದರಲ್ಲೂ ಎಷ್ಟು ಎಳೆಯದು ಅನ್ನುವುದು ಅದೃಷ್ಟದ ಮಾತು, ಯಾಕೆಂದರೆ ಇಲ್ಲಿ ಬೇರಿನ ತುದಿಗಿಂತ ಒಂದು ದೊಡ್ಡ ವ್ಯತ್ಯಾಸ ಇದೆ.

ಬೇರಿನ ತುದಿ ಸಂತೆಯ ಹಾಗೆ. ಒಬ್ಬ ಬರುತ್ತಿದ್ದಾನೆ, ಒಬ್ಬ ಹೋಗುತ್ತಿದ್ದಾನೆ, ಒಬ್ಬ ಸುಮ್ನೆ ಕೂತಿದ್ದಾನೆ. ಒಂದೇ ಸ್ಲೈಡಿನಲ್ಲಿ ಎಲ್ಲ ಹಂತಗಳೂ ಸಿಗುತ್ತವೆ. ಮೊಗ್ಗಿನೊಳಗೆ ಪರಾಗ ತಯಾರಾಗುವ ಚೀಲ, ಅಂದರೆ ಪರಾಗಕೋಶ, ಶಾಲೆಯ ಪ್ರಾರ್ಥನೆಯ ಹಾಗೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಸಾಲನ್ನು ಹಾಡುತ್ತಿರುತ್ತಾರೆ. ಒಂದು ಪರಾಗಕೋಶವನ್ನು ಬಿಡಿಸಿ ನೋಡಿದರೆ ಅದರ ತಾಯಿಕೋಶಗಳೆಲ್ಲ ಹತ್ತಿರ ಹತ್ತಿರ ಒಂದೇ ಹಂತದಲ್ಲಿರುತ್ತವೆ. ಹಾಗಾಗಿ ಎಲ್ಲ ಹಂತ ಬೇಕೆಂದರೆ ಬೇರೆ ಬೇರೆ ಗಾತ್ರದ ಮೊಗ್ಗು ಬೇಕು. ಒಂದು ಗೊಂಚಲಿನಲ್ಲಿ ಮೊಗ್ಗುಗಳು ಒಟ್ಟಿಗೆ ಬೆಳೆಯುವುದಿಲ್ಲ, ಅದೇ ನಮಗೆ ಅನುಕೂಲ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟುಕೊಂಡು ನೋಡುತ್ತಾ ಹೋಗಿ.

ಸರಿಯಾದ ಮೊಗ್ಗು ಸಿಕ್ಕಿತು ಅಂತ ಹೇಗೆ ಗೊತ್ತಾಗುತ್ತದೆ? ಸಾಲು ನಿಂತಿರುವುದನ್ನು ಎಣಿಸಿ. ಬೇರಿನಲ್ಲಿ 16 ಉದ್ದ ಎಳೆಗಳು, ತೋಳು ಚಾಚಿಕೊಂಡು ಕಾಣುತ್ತವೆ. ಇಲ್ಲಿ 8 ಗಿಡ್ಡ, ದಪ್ಪ ಆಕೃತಿಗಳು. ಕೆಲವು ಬಳೆಯ ಹಾಗೆ, ಕೆಲವು ಕಡ್ಡಿಯ ಹಾಗೆ. ಒಂದೊಂದೂ ಒಂದು ಸಮರೂಪ ಜೊತೆ. ಮುಂದಿನ ಮೊಗ್ಗಿನಲ್ಲಿ ಕೋಶದ ನಡುವೆ ಗೋಡೆ ಬಿದ್ದು ಎರಡು ಕೋಣೆ ಆಗಿರುತ್ತದೆ. ಅದರ ಮುಂದಿನದರಲ್ಲಿ ನಾಲ್ಕು ಮರಿಕೋಶಗಳು ಒಂದೇ ಹೊದಿಕೆಯೊಳಗೆ ಕಿತ್ತಳೆ ತೊಳೆಗಳ ಹಾಗೆ ಒತ್ತಿಕೊಂಡಿರುತ್ತವೆ. ಈ ನಾಲ್ಕರ ಗುಂಪು ಕಂಡರೆ ಅನುಮಾನವೇ ಬೇಡ. ಮೈಟಾಸಿಸ್ ಎಂದೂ ನಾಲ್ಕರ ಗುಂಪು ಕೊಡುವುದಿಲ್ಲ.

ಬಳೆ ಯಾಕೆ ಬಿಚ್ಚಿಕೊಳ್ಳುವುದಿಲ್ಲ?

ಇಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಮೇಡಂ, ಕೆಂಪು–ಕೆಂಪಿನ ನಡುವೆ ಬಟನ್ ಇದೆ. ಕೆಂಪು–ಹಳದಿ ನಡುವೆ ಏನೂ ಇಲ್ಲವಲ್ಲ, ಅವು ಜೊತೆಗೆ ಹೇಗೆ ನಿಲ್ಲುತ್ತವೆ?"

ಉತ್ತರ ಪಟ್ಟಿಯಲ್ಲೇ ಇದೆ: ತುಂಡು ಅದಲುಬದಲು. ಕ್ರಾಸಿಂಗ್ ಓವರ್ ಅಂದ ತಕ್ಷಣ ನೀವು "ವೈವಿಧ್ಯ ಬರುತ್ತದೆ" ಅಂತ ಬರೆಯುತ್ತೀರಿ. ಅದು ನಿಜ. ಆದರೆ ಕೋಶಕ್ಕೆ ಅಲ್ಲಿ ಆಗಬೇಕಾದ ಕೆಲಸ ಇನ್ನೊಂದಿದೆ. ದಾರ ನೋಡಿ. ಅವಳಿ ಎಳೆಗಳು ಬಟನ್ನಿನಲ್ಲಿ ಮಾತ್ರ ಅಂಟಿಲ್ಲ, ಉದ್ದಕ್ಕೂ ಅಂಟಿವೆ. ಆ ಅಂಟಿನ ಹೆಸರು ಕೊಹೆಸಿನ್. ಒಂದು ಕೆಂಪು ಎಳೆಯ ತುದಿಯನ್ನೂ ಒಂದು ಹಳದಿ ಎಳೆಯ ತುದಿಯನ್ನೂ ಕತ್ತರಿಸಿ ಅದಲುಬದಲಾಗಿ ಗಂಟು ಹಾಕಿದೆ. ಈಗ ಕೆಂಪು ಬಟನ್ನಿನ ಒಂದು ಎಳೆಗೆ ಹಳದಿ ಬಾಲ ಬಂತು. ಆ ಬಾಲ ತನ್ನ ಹಳೆಯ ಹಳದಿ ಅವಳಿಗೆ ಇನ್ನೂ ಅಂಟಿಕೊಂಡೇ ಇದೆ. ಎರಡು ಬಟನ್ ಹಿಡಿದು ಎಳೆದರೆ? ಬಿಗಿಯಾಗುತ್ತದೆ, ಬಿಚ್ಚುವುದಿಲ್ಲ. ಕೆಂಪನ್ನೂ ಹಳದಿಯನ್ನೂ ಹಿಡಿದಿರುವುದು ಈ ಗಂಟು. ಎರಡೂ ತೋಳಿನಲ್ಲಿ ಇಂಥ ಗಂಟು ಬಿದ್ದರೆ ಬಳೆ, ಒಂದೇ ತೋಳಿನಲ್ಲಿ ಬಿದ್ದರೆ ಕಡ್ಡಿ.

ಮೊದಲ ಅನಾಫೇಸ್‌ನಲ್ಲಿ ತೋಳುಗಳ ಅಂಟು ಕತ್ತರಿಸಿಹೋಗುತ್ತದೆ. ಬಟನ್ ಹತ್ತಿರದ ಅಂಟು ಮಾತ್ರ ಉಳಿಯಬೇಕು. ಅದನ್ನು ಕಾಯುವುದಕ್ಕೆ ಒಂದು ಪ್ರೋಟೀನ್ ಇದೆ. 2004ರಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೆ ಶುಗೋಶಿನ್ ಅಂತ ಹೆಸರಿಟ್ಟರು. ಅವರ ಭಾಷೆಯಲ್ಲಿ ಕಾವಲು ದೇವರು ಅಂತ ಅರ್ಥ. ನಮ್ಮ ಊರ ಬಾಗಿಲ ಭೂತಪ್ಪ ಇದ್ದ ಹಾಗೆ. ಎರಡನೇ ಸುತ್ತಿನ ಹೊತ್ತಿಗೆ ಕಾವಲು ತೆರವಾಗುತ್ತದೆ, ಬಟನ್ ಬಿಚ್ಚುತ್ತದೆ.

ಎಳೆದಾಟ ತಪ್ಪಿದರೆ

ಮನುಷ್ಯರಲ್ಲಿ 46 ವರ್ಣತಂತು. 21ನೇ ವರ್ಣತಂತು ಎರಡರ ಬದಲು ಮೂರು ಇದ್ದರೆ ಡೌನ್ ಸಿಂಡ್ರೋಮ್. 1959ರಲ್ಲಿ ಫ್ರಾನ್ಸಿನಲ್ಲಿ ಇದು ಗೊತ್ತಾಯಿತು. ಹೆಚ್ಚಿನವು ಮಿಯೋಸಿಸ್‌ನ ಹಂಚಿಕೆ ತಪ್ಪಿ ಆಗುವಂಥವು. ಆದರೆ ಯಾವ ಸುತ್ತಿನಲ್ಲಿ ತಪ್ಪಿತು? ಅದನ್ನು ಈಗ ನೀವೇ ಕಂಡುಹಿಡಿಯಬಹುದು.

ತಾಯಿಯ ಎರಡು 21ನೇ ವರ್ಣತಂತುಗಳಲ್ಲಿ, ಸೆಂಟ್ರೋಮಿಯರ್ ಪಕ್ಕದಲ್ಲಿ, ಡಿಎನ್‌ಎ ಗುರುತು ಬೇರೆ ಬೇರೆ ಇದೆ ಅಂದುಕೊಳ್ಳಿ: ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ. ತಂದೆಯಿಂದ ಬಂದದ್ದು ನೀಲಿ. ಮಗುವಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಇದ್ದರೆ? ಒಂದೇ ಅಂಡಕ್ಕೆ ಎರಡೂ ಸಮರೂಪಗಳು ಹೋಗಿವೆ. ಮೊದಲ ಸುತ್ತು ತಪ್ಪಿದೆ. ಕೆಂಪು, ಕೆಂಪು, ನೀಲಿ ಇದ್ದರೆ? ಮೊದಲ ಸುತ್ತು ಸರಿಯಾಗಿ ಆಗಿದೆ, ಎರಡನೇ ಸುತ್ತಿನಲ್ಲಿ ಅವಳಿ ಎಳೆಗಳು ಬೇರೆಯಾಗಿಲ್ಲ. ಗುರುತನ್ನು ಸೆಂಟ್ರೋಮಿಯರ್ ಪಕ್ಕದಲ್ಲೇ ಯಾಕೆ ನೋಡಬೇಕು? ದೂರ ಹೋದರೆ ಅದಲುಬದಲಿನಿಂದ ಬಣ್ಣ ಕಲಸಿಹೋಗಿ ಲೆಕ್ಕ ಕೆಡುತ್ತದೆ.

ಇನ್ನೊಂದು ಸಾಧ್ಯತೆ. ಮಗುವಿನ ಕೆಲವು ಕೋಶಗಳಲ್ಲಿ 47, ಉಳಿದವುಗಳಲ್ಲಿ 46 ಇರಬಹುದು. ಅಂಡದಲ್ಲೇ ತಪ್ಪಿದ್ದರೆ ಎಲ್ಲ ಕೋಶಗಳಲ್ಲೂ 47 ಇರಬೇಕಿತ್ತಲ್ಲ? ಇಲ್ಲಿ ಗರ್ಭ ನಿಂತ ಮೇಲೆ ಯಾವುದೋ ಒಂದು ಮೈಟಾಸಿಸ್‌ನಲ್ಲಿ ಎಡವಟ್ಟಾಗಿದೆ. ಇಂಥ ಪ್ರಸಂಗಗಳು ಕಡಿಮೆ.

ಲೆಕ್ಕ ಹಾಕಿ ನೋಡಿದಾಗ ಹೆಚ್ಚಿನವು ತಾಯಿಯ ಅಂಡದಲ್ಲಿ, ಅದರಲ್ಲೂ ಮೊದಲ ಸುತ್ತಿನಲ್ಲಿ ಆದವು ಅಂತ ಕಂಡುಬಂದಿದೆ. ಕಾರಣ ಕಾಲ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಕೋಶಗಳು ಮಿಯೋಸಿಸ್ ಶುರುಮಾಡಿ, ಮೊದಲ ಪ್ರೊಫೇಸ್‌ನಲ್ಲಿ ನಿಂತುಬಿಡುತ್ತವೆ. ಗಂಟು ಬಿದ್ದಿದೆ, ಎಳೆಯುವವರಿಲ್ಲ. ಅಂಡ ಬಿಡುಗಡೆಯಾಗುವ ತಿಂಗಳಲ್ಲಿ ಮೊದಲ ಸುತ್ತು ಮುಗಿಯುತ್ತದೆ. ಎರಡನೆಯದು ಮುಗಿಯುವುದು ವೀರ್ಯಾಣು ಸೇರಿದರೆ ಮಾತ್ರ. 38 ವರ್ಷದ ಹೆಂಗಸಿನ ಅಂಡದಲ್ಲಿ ಆ ಅಂಟು 38 ವರ್ಷಕ್ಕೂ ಜಾಸ್ತಿ ಕಾಲ ಹಿಡಿದು ನಿಂತಿರುತ್ತದೆ. ಅದು ಸವೆಯುತ್ತಾ ಬರುತ್ತದೆ ಅನ್ನುವುದಕ್ಕೆ ಇಲಿಗಳಲ್ಲಿ ಒಳ್ಳೆಯ ಪುರಾವೆ ಇದೆ. ಇಲ್ಲಿ ಯಾರ ತಪ್ಪೂ ಇಲ್ಲ. ಗ್ರಹಣ ನೋಡಿದ್ದಕ್ಕೆ, ಏನೋ ತಿಂದದ್ದಕ್ಕೆ ಅಂತ ಬಾಣಂತಿಯನ್ನು ಬೈಯುವವರು ನಿಮ್ಮ ಮನೆಯಲ್ಲಿದ್ದರೆ, ಈ ದಾರ ತೋರಿಸಿ.

ಕೊನೆಯ ಪ್ರಶ್ನೆ

ಮುಗಿಸುವಾಗ ಒಬ್ಬ ಹುಡುಗ ಎದ್ದು ಕೇಳಿದ: "ಮೇಡಂ, ಜೊತೆ ಸಿಗದೆ ಇದ್ದರೆ ಮಿಯೋಸಿಸ್ ಕೆಡುತ್ತದೆ. ಮೈಟಾಸಿಸ್‌ಗೆ ಏನೂ ಆಗಲ್ವಾ?"

ನಾನು ಕೇಳಿದೆ, "ನಿಮ್ಮದು ತೋಟ ಇದೆಯಾ?"

"ಇದೆ ಮೇಡಂ. ಪಚ್ಚಬಾಳೆ."

"ಬೀಜ ಹಾಕಿ ಬೆಳೀತೀರಾ?"

"ಇಲ್ಲ, ಕಂದು ನೆಡ್ತೀವಿ."

ಅವನ ಪ್ರಶ್ನೆಗೆ ಅವನ ತೋಟದಲ್ಲೇ ಉತ್ತರ ಇತ್ತು. ಕಾಡುಬಾಳೆಯಲ್ಲಿ 11 ಬಗೆಯ ವರ್ಣತಂತು, ಎರಡೆರಡರಂತೆ 22. ಹಣ್ಣಿನ ತುಂಬ ಕಲ್ಲಿನಂಥ ಬೀಜ. ಪಚ್ಚಬಾಳೆಯಲ್ಲಿ ಪ್ರತಿ ಬಗೆಯದೂ ಮೂರು, ಒಟ್ಟು 33. ಹೂವಿನಲ್ಲಿ ಮಿಯೋಸಿಸ್‌ಗೆ ಹೊರಟಾಗ ಮೂರು ಜನಕ್ಕೆ ಎರಡು ಕಡೆಯ ಹಂಚಿಕೆ ಆಗಬೇಕು. ಎರಡು ಒಂದು ಕಡೆ, ಒಂದು ಇನ್ನೊಂದು ಕಡೆ. ಹನ್ನೊಂದು ಬಗೆಗೂ ಒಂದೇ ರೀತಿ ಹಂಚಿಕೆಯಾಗುವುದು ಲಾಟರಿ ಹೊಡೆದ ಹಾಗೆ. ಹೆಚ್ಚಿನ ಪರಾಗ, ಅಂಡಗಳು ಕೆಟ್ಟುಹೋಗುತ್ತವೆ, ಬೀಜ ಕಟ್ಟುವುದಿಲ್ಲ. ಬೀಜ ಇಲ್ಲದೆಯೂ ಹಣ್ಣು ಉಬ್ಬುವುದು ಅದರ ಇನ್ನೊಂದು ಗುಣ. ಅದು ಇಲ್ಲದಿದ್ದರೆ ನಮಗೆ ಸಿಗುತ್ತಿದ್ದದ್ದು ಬರೀ ಬಾಡಿದ ಕಾಯಿ.

ಕಂದಿನಲ್ಲಿ ನಡೆಯುವುದು ಮೈಟಾಸಿಸ್. ಅಲ್ಲಿ ಯಾರೂ ಯಾರ ಜೊತೆಯನ್ನೂ ಹುಡುಕುವುದಿಲ್ಲ. 33 ಬಟನ್ ಸಾಲು ನಿಲ್ಲುತ್ತವೆ, 33 ಟಿಕ್ ಟಿಕ್ ಬಿಚ್ಚುತ್ತವೆ, ಆ ಕಡೆ 33, ಈ ಕಡೆ 33. ತಾಯಿಗಿಡದ ಬೇರಿನ ತುದಿ ಎಣಿಸಿದರೂ ಅಷ್ಟೇ, ಅವರಪ್ಪ ಹೋದ ವರ್ಷ ಕಿತ್ತು ನೆಟ್ಟ ಕಂದಿನ ಬೇರಿನ ತುದಿ ಎಣಿಸಿದರೂ ಅಷ್ಟೇ.